ಪೂರ್ಣವಿರಾಮ ಬಾಯಿಬಿಟ್ಟ ಸಭೆ

ನೀರು ಓಡುವಾಗ ಹೆಚ್ಚು ಸದ್ದು ಮಾಡುವುದಿಲ್ಲ. ಓಡುವ ನೀರನ್ನು ತಟ್ಟನೆ ನಿಲ್ಲಿಸಿದರೆ ಮಾಡುತ್ತದೆ. ಆ ಸದ್ದು ಎಷ್ಟು ದೊಡ್ಡದಾದೀತು, ಕೊಳವೆಯ ಯಾವ ಜಾಗದಲ್ಲಿ ಆದೀತು ಎಂದು ಮುಂಚಿತವಾಗಿ ಲೆಕ್ಕ ಹಾಕಿ ಹೇಳುವುದು ಅವಳ ಕೆಲಸ. ಹೇಳುವುದು ಎಂದೆನೆ? ತಪ್ಪಾಯಿತು. ಬರೆಯುವುದು.

ನಗರಕ್ಕೆ ನೀರು ಒದಗಿಸುವ ಆ ಕಚೇರಿಯಲ್ಲಿ ಅವಳಿಗೆ ಪೂರ್ಣವಿರಾಮ ಎಂದು ಹೆಸರು ಬಿದ್ದಿತ್ತು. ಕಾರಣ ಎರಡು. ಅವಳು ಬರೆದ ಇಂಗ್ಲಿಷಿನಲ್ಲಿ ಒಂದು ಚುಕ್ಕೆಯೂ ಹೆಚ್ಚು ಕಡಿಮೆ ಇರುತ್ತಿರಲಿಲ್ಲ. ಯಾರ ವರದಿ ಹೊರಗೆ ಹೋಗಬೇಕಾದರೂ ಮೊದಲು ಅವಳ ಮೇಜಿಗೆ ಬಂದು ಮುಖ ತೊಳೆಸಿಕೊಂಡೇ ಹೋಗಬೇಕು. ಇನ್ನೊಂದು, ಸಭೆಯಲ್ಲಿ ಅವಳ ಸರದಿ ಬಂತೆಂದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. "ನಿಮ್ಮ ಕಡೆಯಿಂದ?" ಎಂದು ಯಾರಾದರೂ ಕೇಳಿದರೆ ಅವಳು ಮುಗುಳ್ನಗುವಳು, ಮುಂದಿನವರು ಶುರುಮಾಡುವರು. ಹೀಗೆ ವರ್ಷಗಳು ಉರುಳಿದ್ದವು. ಯಾರಿಗೂ ತೊಂದರೆಯಾಗಿರಲಿಲ್ಲ.

ಸಭೆಯ ಭಾಷೆ ಇಂಗ್ಲಿಷು. ಬೇರೆ ಬೇರೆ ಕಡೆಯಿಂದ ಬಂದ ಜನ, ಪರದೆಯ ಮೇಲೆ ಹೊರದೇಶದವರು; ಬೇರೆ ದಾರಿಯಿರಲಿಲ್ಲ. ನಾವು ಅದನ್ನು ನಮ್ಮ ಮಾತಿನಲ್ಲೇ ಕೇಳೋಣ. ಯಾವ ಭಾಷೆಯಲ್ಲಿ ಆಡಿದರೂ ಜನರ ಸ್ವಭಾವ ಅದೇ ತಾನೆ.

ಅವಳಿಗೆ ಮಾತು ಗೊತ್ತಿಲ್ಲವೆಂದಲ್ಲ, ಭಯವೆಂದೂ ಅಲ್ಲ. ಅವಳ ತಲೆಯೊಳಗೆ ಒಂದು ಅಡುಗೆಮನೆಯಿತ್ತು. ಹೇಳಬೇಕಾದದ್ದು ಹೊಳೆದ ಕೂಡಲೇ ಅವಳು ಅದನ್ನು ಅಲ್ಲಿಗೆ ಒಯ್ದು ತೊಳೆದು, ಹೆಚ್ಚಿ, ಬೇಯಿಸಿ, ಉಪ್ಪು ನೋಡಿ, ಪಾತ್ರೆಯ ಅಂಚನ್ನೂ ಒರೆಸಿ ಬಡಿಸಲು ತರುವಷ್ಟರಲ್ಲಿ ಪಂಕ್ತಿ ಎದ್ದು ಕೈ ತೊಳೆಯುತ್ತಿರುತ್ತಿತ್ತು. ಕೊಳವೆಯ ಮಾತು ಮುಗಿದು ಕಾಂಪೌಂಡಿನ ಮಾತು ನಡೆದಿರುತ್ತಿತ್ತು. ಆಗ ಅವಳು ತನ್ನ ಬಿಸಿಬಿಸಿ ವಾಕ್ಯವನ್ನು ಹಾಗೆಯೇ ಮುಚ್ಚಿಟ್ಟು, ಸಭೆ ಮುಗಿದ ಮೇಲೆ ಮೇಲ್‌ ಮಾಡುತ್ತಿದ್ದಳು.

ಸಭೆ ನಡೆಸುತ್ತಿದ್ದವರು ಮುಖ್ಯ ಎಂಜಿನಿಯರು. ಎಲ್ಲರೂ ಅವರನ್ನು ಹಿರಿಯರು ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಸಭೆ ಎಳೆದಾಡುವುದನ್ನು ಕಂಡರೆ ಮಾತ್ರ ಆಗುತ್ತಿರಲಿಲ್ಲ. ಅವರದೊಂದು ರೂಢಿಯಿತ್ತು. ಒಂದು ವಿಷಯ ಮುಗಿಯಿತು ಅನ್ನಿಸಿದಾಗ, "ಯಾರಿಗಾದ್ರೂ ಏನಾದ್ರೂ?" ಎಂದು ಕೇಳಿ, ಒಂದು ಉಸಿರು ಎಳೆದುಕೊಳ್ಳುವಷ್ಟು ಕಾದು, ಪೆನ್ನಿನ ಹಿಂಬದಿಯಿಂದ ಮೇಜಿನ ಮೇಲೆ ಟಕ್ಕೆಂದು ಬಡಿಯುವರು. ಟಕ್ ಅಂದರೆ ತೀರ್ಮಾನ. ಟಕ್ ಆದ ಮೇಲೆ ಬ್ರಹ್ಮ ಬಂದರೂ ಬದಲಿಲ್ಲ ಎಂದು ಕಚೇರಿಯಲ್ಲಿ ಹೇಳಿಕೊಳ್ಳುತ್ತಿದ್ದರು. ಆ ಒಂದು ಉಸಿರು ಮಾತುಗಾರರಿಗೆ ಧಾರಾಳ. ಅವಳ ಅಡುಗೆಮನೆಯಲ್ಲಿ ಒಲೆ ಹಚ್ಚುವುದಕ್ಕೂ ಸಾಲದು.

ಈಗ ನಡೆಯುತ್ತಿದ್ದ ಕೆಲಸ ಇದು. ನದಿಯ ದಂಡೆಯ ಪಂಪ್‌ಹೌಸಿನಿಂದ ಗುಡ್ಡದ ಮೇಲಿನ ದೊಡ್ಡ ನೀರಿನ ತೊಟ್ಟಿಗೆ ಹೊಸ ಕೊಳವೆ. ನಡುದಾರಿಯಲ್ಲಿ ನೆಲ ಒಂಟೆಯ ಬೆನ್ನಿನಂತೆ ಉಬ್ಬಿದೆ. ಕೊಳವೆಯೂ ಅಲ್ಲಿ ಏರಿ ಇಳಿಯುತ್ತದೆ. ಆ ಉಬ್ಬಿನ ಆಚೀಚೆ ಮನೆಗಳು, ಒಂದು ಶಾಲೆ. ಪಂಪುಗಳು ಓಡುತ್ತಿರುವಾಗ ಕರೆಂಟು ಹೋದರೆ ಹಿಂದಿನಿಂದ ತಳ್ಳುವವರಿಲ್ಲದೆ ಕೊಳವೆಯ ಒತ್ತಡ ಕುಸಿಯುತ್ತದೆ. ಉಬ್ಬಿನ ನೆತ್ತಿಯಲ್ಲಿ ನೀರಿನ ಕಂಬ ಎರಡಾಗಿ ಸೀಳಿ ನಡುವೆ ಪೊಳ್ಳು ಬೀಳುತ್ತದೆ. ಮುಂದೆ ಹೋದ ನೀರು ಸುಸ್ತಾಗಿ ಹಿಂದಿರುಗಿ ಬಂದು ಹಿಂದೆ ಉಳಿದ ನೀರಿಗೆ ಢೀ ಕೊಡುತ್ತದೆ. ಆ ಪೆಟ್ಟನ್ನು ಈ ಕೊಳವೆ ತಡೆಯಲಾರದು ಎಂಬುದು ಅವಳ ಲೆಕ್ಕ. ಅದಕ್ಕೇ ಪಂಪ್‌ಹೌಸಿನ ಪಕ್ಕದಲ್ಲಿ ಒಂದು ಗಾಳಿ ಟ್ಯಾಂಕು ಇಡಬೇಕೆಂದು ಮೊದಲಿನಿಂದಲೂ ನಕ್ಷೆಯಲ್ಲಿತ್ತು: ಅರ್ಧ ನೀರು, ಮೇಲೆ ಅದುಮಿಟ್ಟ ಗಾಳಿ. ಪಂಪು ನಿಂತ ಕ್ಷಣ ಆ ಗಾಳಿ ನೀರನ್ನು ಕೊಳವೆಗೆ ತಳ್ಳಿ, ಓಟ ಮೆಲ್ಲಮೆಲ್ಲನೆ ನಿಲ್ಲುವಂತೆ ಮಾಡುತ್ತದೆ. ಓಡಿ ಬರುವ ಮಗುವನ್ನು ಗೋಡೆಗೆ ಬಡಿಯಲು ಬಿಡದೆ ಅಜ್ಜಿ ಮಡಿಲೊಡ್ಡಿ ಹಿಡಿದ ಹಾಗೆ.

ಆದರೆ ಟ್ಯಾಂಕು ಬರುವುದು ತಡ. ತಯಾರಿಸುವವರು ದಿನ ಮುಂದೂಡುತ್ತಲೇ ಇದ್ದರು. ನೀರು ಬಿಡುವ ದಿನ ಮಾತ್ರ ಗೊತ್ತಾಗಿಬಿಟ್ಟಿತ್ತು.

ಕೊಳವೆ ಹಾಕಿಸುವ ಹೊಣೆ ಹೊತ್ತಿದ್ದ ಎಂಜಿನಿಯರನಿಗೆ ಗಡಿಬಿಡಿ ಎಂದು ಹೆಸರು. ಅವನು ಕೂತಲ್ಲಿ ಕೂರುವವನಲ್ಲ. ಚಹಾ ಕುಡಿಯುವಾಗಲೂ ಒಂದು ಕಾಲು ಬಾಗಿಲಾಚೆ. ಗುಡ್ಡದ ಮೇಲಿನ ಬಡಾವಣೆಯವರಿಗೆ ದಿನ ಹೇಳಿ ಬಂದವನು ಅವನೇ. ಬೆಳಗಾದರೆ ಅವರ ಫೋನು. ಹಾಗಾಗಿ ಅವನು ಒಂದು ಉಪಾಯ ತಂದ.

"ಟ್ಯಾಂಕ್ ಆಮೇಲೆ ಕೂರಿಸೋಣ ಸಾರ್. ಈಗ ನೀರು ಬಿಡೋಣ. ಉಬ್ಬಿನ ಮೇಲೆ ಗಾಳಿ ಒಳಗೆ ಬಿಡೋ ವಾಲ್ವ್ ಹಾಕಿದ್ದೀವಲ್ಲ, ಅಷ್ಟು ಸಾಕು."

ಹಿರಿಯರು ಗಡ್ಡ ತುರಿಸಿಕೊಂಡು, "ಮುಂದಿನ ವಾರ ನೋಡೋಣ" ಎಂದರು.

ಅಂದು ಸಂಜೆಯೇ ಅವಳು ಮೇಲ್‌ ಬರೆದಳು. ಎಷ್ಟು ವಿನಯದಿಂದ ಬರೆದಳೆಂದರೆ ಕೊಳವೆ ಒಡೆಯುವ ಸುದ್ದಿ ಮದುವೆಯ ಕರೆಯೋಲೆಯಂತೆ ಓದಿಸಿಕೊಳ್ಳುತ್ತಿತ್ತು. ಪರಿಶೀಲಿಸುವುದು ಸೂಕ್ತವಾಗಬಹುದು, ಸಾಧ್ಯತೆಯನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗದು, ಹೀಗೆ. ಮರುದಿನ ಹಿರಿಯರ ಉತ್ತರ ಬಂತು: "ಬಹಳ ಚೆನ್ನಾಗಿ ಬರೆದಿದ್ದೀರಿ. ಧನ್ಯವಾದ."

ಅವಳು ಅವರ ಕೋಣೆಗೇ ಹೋದಳು. ಅವರು ಫೋನಿನಲ್ಲಿದ್ದರು, ಕೈಯಲ್ಲೇ, ಸಭೆಯಲ್ಲಿ ಹೇಳಿ, ಸಭೆಯಲ್ಲಿ, ಎಂದು ಸನ್ನೆ ಮಾಡಿದರು.

ಸಭೆಯಲ್ಲಿ ಹೇಳಬೇಕೆಂದು ಅವಳು ನಿಶ್ಚಯಿಸಿದಳು. ಹೇಳುವುದನ್ನು ಬರೆದು, ತಿದ್ದಿ, ಬಾಯಿಪಾಠ ಮಾಡಿದಳು. ಬಸ್ಸಿನಲ್ಲಿ ತುಟಿ ಅಲುಗುವುದನ್ನು ಕಂಡು ಪಕ್ಕದ ಮುದುಕಿ, ಪಾಪ ಯಾವುದೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಾಳೆ ಎಂದುಕೊಂಡು ಜಾಗ ಬಿಟ್ಟು ಸರಿದು ಕೂತಳು.

ಆ ವಾರದ ಸಭೆಯಲ್ಲಿ ಅವಳು ಬಾಯಿ ತೆರೆದಳು. ತೆರೆದ ಹೊತ್ತು ಮಾತ್ರ ಸರಿಯಿರಲಿಲ್ಲ. ಕೊಳವೆಯ ಮಾತು ಮೊದಲು ಬರುತ್ತದೆಂದು ಸಿದ್ಧವಾಗಿದ್ದಳು. ಹಿರಿಯರು ಮೊದಲು ವಿದ್ಯುತ್ ಫಲಕಗಳ ವಿಷಯ ಎತ್ತಿದರು. ಹಿಡಿದಿಟ್ಟುಕೊಂಡ ಉಸಿರು ನಿಲ್ಲಲಿಲ್ಲ. "ನಮ್ಮ ಗಮನಕ್ಕೆ ಬಂದಿರುವ ಒಂದು ಮುಖ್ಯ ಸಂಗತಿಯನ್ನು ಪ್ರಸ್ತಾಪಿಸಲು ಅನುಮತಿ ಕೋರುತ್ತೇನೆ" ಎಂದು ಶುರುಮಾಡಿಬಿಟ್ಟಳು. ಎಲ್ಲರೂ ತಿರುಗಿ ನೋಡಿದರು. ಫಲಕಗಳಲ್ಲಿ ಏನೋ ದೋಷವಿದೆಯೆಂದೇ ತಿಳಿದರು.

"ಯಾವ ಫಲಕ ಮೇಡಂ?" ಎಂದ ಗಡಿಬಿಡಿ.

ಪ್ರಶ್ನೆ ಬಂದದ್ದೇ, ಕಟ್ಟಿದ ಸರ ಹರಿಯಿತು. ಎಲ್ಲಿಗೆ ಬಂದಿದ್ದೆನೆಂದು ತಿಳಿಯದೆ ಅವಳು ಮತ್ತೆ ಮೊದಲಿನಿಂದ ಶುರುಮಾಡಿದಳು. ನಮ್ಮ ಗಮನಕ್ಕೆ ಬಂದಿರುವ ಒಂದು ಮುಖ್ಯ ಸಂಗತಿಯನ್ನು… ಯಾರೋ ಕೆಮ್ಮಿದರು. ಅವಳು "ಕ್ಷಮಿಸಿ, ಮೇಲ್‌ ಮಾಡ್ತೀನಿ" ಎಂದು ಕೂತಳು. ಆಮೇಲೆ ಕೊಳವೆಯ ವಿಷಯ ನಿಜಕ್ಕೂ ಬಂದಾಗ ಕಿವಿಯೆಲ್ಲ ಬಿಸಿಯಾಗಿ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ.

ಪುಣ್ಯಕ್ಕೆ ಆ ದಿನ ಟಕ್ ಆಗಲಿಲ್ಲ. "ಪಂಪಿನವರನ್ನೂ ಒಂದು ಮಾತು ಕೇಳಿಬಿಡೋಣ. ಮುಂದಿನ ಸಭೆಗೆ ಅವರೂ ಇರ್ತಾರೆ. ಅವತ್ತೇ ತೀರ್ಮಾನ" ಎಂದರು ಹಿರಿಯರು.

ಮನೆಯಲ್ಲಿ ಅವಳ ಜೊತೆಗಿದ್ದದ್ದು ಅಪ್ಪನ ಅಕ್ಕ, ಸೋದರತ್ತೆ. ಕೆಲಸದಲ್ಲಿದ್ದಾಗ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರು. ದೂರದ ಊರುಗಳ ಮಾತನ್ನು ತಂತಿಗೆ ತಂತಿ ಸೇರಿಸಿ ಕೂಡಿಸಿದವರು. ಎಕ್ಸ್‌ಚೇಂಜು ಎಂದೋ ಮುಚ್ಚಿತು. ಅತ್ತೆಯ ಕಂಠ ಮುಚ್ಚಲಿಲ್ಲ. ಬೆಳಿಗ್ಗೆ ಅವರು ದೇವರ ಮುಂದೆ ಕೂತರೆ ಮೂರನೇ ಮನೆಯವರಿಗೂ ಇವತ್ತು ಇವರ ಮೊಣಕಾಲು ಹೇಗಿದೆಯೆಂದು ತಿಳಿಯುತ್ತಿತ್ತು.

ಅಂದು ಸಂಜೆ ಅತ್ತೆ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿದರು. "ಏನಾಯ್ತೇ? ಮುಖ ಬಾಡಿದ ಬದನೆಕಾಯಿ ಆಗಿದೆ."

ಅವಳು ಹೇಳಿದಳು. ಅತ್ತೆಯೆದುರು ಅವಳಿಗೆ ಮಾತು ಸರಾಗ. ಕೊಳವೆ, ಉಬ್ಬು, ಶಾಲೆ, ಟ್ಯಾಂಕು, ಬಾಯಿಪಾಠ ಎಲ್ಲ ಹೇಳಿ ಕೊನೆಗೆ, "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ, ಹಾಗೇ ಇದ್ದಿದ್ರೆ ಮರ್ಯಾದೆ ಉಳೀತಿತ್ತು" ಎಂದಳು.

"ಬಂಗಾರ ಪೆಟ್ಟಿಗೇಲಿಡೋಕೆ ಕಣೇ. ಸಂತೆಗೆ ಹೋದ್ರೆ ಚಿಲ್ಲರೇನೇ ಬೇಕು." ಅತ್ತೆ ಒಂದು ಕಾಯಿಯನ್ನು ಪಟ್ಟೆಂದು ಮುರಿದರು. "ನೀನು ಲೈನ್ ಹಿಡೀದೆ ಮಾತು ಶುರು ಮಾಡಿದ್ದೀಯ. ಅದೇ ತಪ್ಪು."

"ಅಂದ್ರೆ?"

"ನಾವು ಯಾರಿಗಾದ್ರೂ ದೂರದ ಲೈನ್ ಕೊಡೋವಾಗ ಮೊದಲು ಏನಂತಿದ್ವಿ? 'ಲೈನಲ್ಲಿರಿ, ಮಾತಾಡಿ.' ಅಷ್ಟೇ. ಆ ಕಡೆಯೋನು ಫೋನ್ ಕಿವಿಗೆ ಹಚ್ಕೊಂಡು ಕಾಯ್ತಿದ್ದ. ಕಾಯೋ ಹಾಗೆ ಮಾಡು ಮೊದ್ಲು. ಮಾತು ಆಮೇಲೆ ಬರ್ಲಿ, ತಡವಾಗೇ ಬರ್ಲಿ. ನೀನು ಮಾತು ಪೂರ್ತಿ ರೆಡಿ ಮಾಡ್ಕೊಂಡು ಲೈನ್ ಹುಡುಕ್ತೀಯ. ಅಷ್ಟ್ರಲ್ಲಿ ಇನ್ಯಾವನೋ ಲೈನ್ ತಗೊಂಡಿರ್ತಾನೆ."

"ಲೈನ್ ತಗೊಂಡು ಸುಮ್ನೆ ನಿಂತ್ರೆ ನಗ್ತಾರೆ ಅತ್ತೆ."

"ಒಂದು ಮಾತು ಹೇಳಿ ನಿಲ್ಲು. ಮುಖ್ಯವಾದ ಒಂದು. ಮನೆಗೆ ಬೆಂಕಿ ಬಿದ್ದಾಗ ಫೋನ್ ಮಾಡಿ ಕೆಲವರು ಏನು ಮಾಡ್ತಿದ್ರು ಗೊತ್ತಾ? ಕ್ಷೇಮವೇ, ಮಕ್ಕಳು ಕ್ಷೇಮವೇ ಅಂತ ಶುರು ಮಾಡೋರು. ನಾನು ನಡುವೆ ಬಾಯಿ ಹಾಕಬಾರ್ದು, ಆದ್ರೂ ಹಾಕ್ತಿದ್ದೆ. 'ಬೆಂಕಿ ಅನ್ನಿ ಸ್ವಾಮಿ ಮೊದ್ಲು! ಎಲ್ಲಿ, ಹೇಗೆ ಅಂತ ಅವ್ರೇ ಕೇಳ್ತಾರೆ!'"

ಅವಳು ನಕ್ಕಳು. ಆದರೂ ಒಳಗಿನ ಅಡುಗೆಮನೆ ಸುಲಭಕ್ಕೆ ಒಲೆ ಆರಿಸುವುದೇ? "ಅರ್ಧಂಬರ್ಧ ಮಾತಾಡಿದ್ರೆ ಏನಂದ್ಕೋತಾರೆ? ಎಲ್ಲರ ವರದಿ ತಿದ್ದೋಳು ನಾನು."

ಅತ್ತೆ ದೇವರ ಮೂಲೆಯ ಕಡೆ ಒಮ್ಮೆ ನೋಡಿದರು. "ನಾನು ಅವನ ಹತ್ರ ಒಂದು ದಿನವಾದ್ರೂ ಪೂರ್ತಿ ವಾಕ್ಯ ಆಡಿದ್ದೀನಾ, ಕೇಳಿದ್ದೀಯ? 'ಅಪ್ಪಾ, ಮೊಣಕಾಲು… ಈ ಹುಡುಗಿ… ನೋಡ್ಕೋ' ಇಷ್ಟೇ. ಅವನು ವ್ಯಾಕರಣ ನೋಡಿ ವಾಪಸ್ ಕಳಿಸಿಲ್ಲ."

"ಹಿರಿಯರು ದೇವರಲ್ಲ ಅತ್ತೆ."

"ಅಲ್ಲ. ದೇವರಾದ್ರೆ ಹೇಳ್ದೆನೂ ತಿಳ್ಕೋತಾನೆ. ಮನುಷ್ಯರಿಗೆ ಹೇಳ್ಲೇಬೇಕು."

ಅಂದಿನಿಂದ ಸಂಜೆ ಸಂಜೆ ಅತ್ತೆ ಗಡಿಬಿಡಿಯ ಪಾತ್ರ ವಹಿಸಿದರು. ಕೊಳವೆಯ ವಿಷಯ ಅವರಿಗೆ ಎಳ್ಳಷ್ಟೂ ತಿಳಿಯದು. ಅಡ್ಡ ಬಾಯಿ ಹಾಕುವುದಕ್ಕೆ ವಿಷಯ ತಿಳಿದಿರಬೇಕೆಂದೇನೂ ಇಲ್ಲವಲ್ಲ. ಅವಳು ಬಾಯಿ ತೆರೆದರೆ ಸಾಕು, "ಆಗಲ್ಲ ಮೇಡಂ!" ಅನ್ನುವರು. "ವಾಲ್ವ್ ಇದೆ ಮೇಡಂ!" ಅನ್ನುವರು. ಅವಳು ಮತ್ತೆ ಮೊದಲಿನಿಂದ ಶುರುಮಾಡಲು ನೋಡಿದರೆ, "ಹಿಂದಕ್ಕೆ ಹೋಗ್ಬೇಡ. ನಿಂತಲ್ಲಿಂದಲೇ ಹೇಳು" ಎಂದು ಸೌಟು ತೋರಿಸುವರು. ಬಾಯಿಪಾಠ ಮಾಡಿದ ಕಾಗದವನ್ನು ಕಿತ್ತುಕೊಂಡು ಒಲೆ ಹೊತ್ತಿಸಲು ಬಳಸಿದರು. ಗ್ಯಾಸಿನ ಒಲೆಗೆ ಕಾಗದ ಬೇಕಿಲ್ಲ, ಆದರೂ ಬಳಸಿದರು.

ಸಭೆಯ ದಿನ ಬಂತು. ಉದ್ದನೆಯ ಮೇಜು, ಕಿಟಕಿಗೆ ಪರದೆ, ಗೋಡೆಯ ಮೇಲೆ ದೊಡ್ಡ ಟಿವಿ. ಟಿವಿಯಲ್ಲಿ ಪಂಪು ಕಳಿಸಿದ ಕಂಪನಿಯ ಎಂಜಿನಿಯರು, ದಪ್ಪ ಮೀಸೆಯ ಹೊರದೇಶದವನು. ಇಂಗ್ಲಿಷು ಅವನ ಭಾಷೆಯೂ ಅಲ್ಲ. ಅವನ ಮಾತಿಗೆ ಹಿಂದುಮುಂದಿಲ್ಲ. ನಿನ್ನೆ, ನಾಳೆ ಎರಡೂ ಅವನಿಗೆ ಒಂದೇ.

"ಮೂರು ಪಂಪ್ ನೋಡಿದೆ. ಎರಡು ಸಂತೋಷ. ಒಂದು ಸಂತೋಷ ಇಲ್ಲ. ಬೇರಿಂಗ್ ಬಿಸಿ. ನೀವು ಎಣ್ಣೆ ನೋಡು," ಎಂದನವನು.

ಅವಳು ಅಭ್ಯಾಸಬಲದಿಂದ ಆ ಮಾತನ್ನು ತಲೆಯೊಳಗೇ ತಿದ್ದತೊಡಗಿದಳು. ತಿದ್ದಿ ಮುಗಿಸಿ ತಲೆ ಎತ್ತುವಷ್ಟರಲ್ಲಿ ಹಿರಿಯರು ಒಬ್ಬನಿಗೆ ಎಣ್ಣೆ ನೋಡಲು ಹೇಳಿ ಆಗಿತ್ತು, ಟಕ್ ಎಂದೂ ಆಗಿತ್ತು. ತಾನು ತಿದ್ದುವುದರೊಳಗೆ ಜಗತ್ತು ಎಣ್ಣೆ ನೋಡಿಕೊಂಡು ಬಂದಿತ್ತು. ಅವಳು ಪೆನ್ನನ್ನು ಮೇಜಿನ ಮೇಲಿಟ್ಟು ಕೈ ಖಾಲಿ ಮಾಡಿಕೊಂಡಳು.

"ಈಗ ಟ್ಯಾಂಕ್," ಎಂದರು ಹಿರಿಯರು.

ಗಡಿಬಿಡಿ ಎದ್ದು ನಿಂತ. ಬಡಾವಣೆಯವರು ಖಾಲಿ ಕೊಡ ಹಿಡಿದು ನಿಂತ ಚಿತ್ರ ತೋರಿಸಿದ. ಗಾಳಿ ವಾಲ್ವಿನ ಚಿತ್ರ ತೋರಿಸಿದ. ಅವನ ಮಾತು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಗೂಡ್ಸ್ ರೈಲಿನಂತೆ ಸಾಗಿತು. ನಡುವೆ ಹತ್ತಲು ಸಂದಿಲ್ಲ.

"ಒಂದು ನಿಮಿಷ," ಎಂದಳು ಅವಳು.

ಯಾರಿಗೂ ಕೇಳಿಸಲಿಲ್ಲ. ಪಕ್ಕದವನೊಬ್ಬ ಮಾತ್ರ ಅವಳಿಗೆ ನೀರು ಬೇಕೇನೋ ಎಂದು ಬಾಟಲಿ ಸರಿಸಿದ.

ಗಡಿಬಿಡಿ ಮುಗಿಸಿದ. "ಸರಿ ಹಾಗಾದ್ರೆ. ನೀರು ಬಿಡೋದು, ಟ್ಯಾಂಕ್ ಬಂದಾಗ ಬರ್ಲಿ. ಯಾರಿಗಾದ್ರೂ ಏನಾದ್ರೂ?" ಎಂದ ಹಿರಿಯರ ಪೆನ್ನು ಮೇಲಕ್ಕೆದ್ದಿತು. ಒಂದು ಉಸಿರು.

"ಟ್ಯಾಂಕ್ ಇಲ್ದೆ ನೀರು ಬಿಡ್ಬೇಡಿ ಸರ್. ನಾನು ಒಪ್ಪಲ್ಲ."

ದನಿ ಅವಳದೇ. ಬೇಕಾದದ್ದಕ್ಕಿಂತ ಜೋರಾಗಿಯೇ ಬಂದಿತ್ತು. ಹೇಳಿದ್ದು ಅಷ್ಟೇ, ಮುಂದಿನ ಮಾತು ಅವಳ ಬಳಿ ಇರಲಿಲ್ಲ. ಒಳಗೆ ನೋಡಿದರೆ ಪಾತ್ರೆಗಳೆಲ್ಲ ಖಾಲಿ. ಇನ್ನು ಎಲ್ಲರೂ ನಗುತ್ತಾರೆ ಎಂದುಕೊಂಡಳು.

ಯಾರೂ ನಗಲಿಲ್ಲ. ಪೆನ್ನು ಗಾಳಿಯಲ್ಲೇ ನಿಂತಿತ್ತು. ಟಿವಿಯಲ್ಲಿ ಮೀಸೆಯವನು ಕುರ್ಚಿ ಮುಂದೆ ಎಳೆದುಕೊಂಡ. ತಾನು ಇಷ್ಟು ವರ್ಷ ತಪ್ಪಿಸಿಕೊಂಡು ಬಂದಿದ್ದ ಆ ನಿಶ್ಶಬ್ದ ಈಗ ಬೇರೆ ಏನೂ ಮಾಡುತ್ತಿರಲಿಲ್ಲ, ಸುಮ್ಮನೆ ಅವಳಿಗಾಗಿ ಕಾಯುತ್ತಿತ್ತು. ಲೈನು ಅವಳ ಕೈಯಲ್ಲಿತ್ತು.

"ಯಾಕೆ?" ಎಂದರು ಹಿರಿಯರು.

ಯಾಕೆ ಎಂಬುದು ಎಷ್ಟು ಸುಲಭದ ಪ್ರಶ್ನೆ! "ಕರೆಂಟ್ ಹೋದ್ರೆ ಪೈಪ್ ಒಡೆಯುತ್ತೆ."

"ಎಲ್ಲಿ?"

"ಉಬ್ಬಿನ ಹತ್ರ. ಶಾಲೆ ಪಕ್ಕ."

"ಮೇಡಂ, ಅಲ್ಲಿ ಗಾಳಿ ವಾಲ್ವ್ ಇದೆ," ಎಂದ ಗಡಿಬಿಡಿ, ಇನ್ನೂ ನಿಂತೇ. "ಒತ್ತಡ ಕುಸಿದ್ರೆ ಗಾಳಿ ಒಳಗೆ ಬರುತ್ತೆ. ಪೊಳ್ಳು ಬೀಳೋದೇ ಇಲ್ಲ."

"ಇಲ್ಲ, ಗಾಳಿ… ಬರುತ್ತೆ. ಹೌದು. ಆದರೆ ಆಮೇಲೆ ಆ ಗಾಳಿ…" ವಾಕ್ಯ ಮುರಿಯಿತು. ಹಳೆಯ ಅಭ್ಯಾಸ ಅವಳ ಸೆರಗು ಹಿಡಿದು ವಾಕ್ಯದ ಮೊದಲಿಗೆ ಎಳೆಯಿತು. ಅವಳಿಗೆ ಸೌಟು ನೆನಪಾಯಿತು. "ಇರಿ, ಬೇರೆ ಥರ ಹೇಳ್ತೀನಿ. ಗಾಳಿ ಬಂದ ಹಾಗೇ ವಾಪಸ್ ಹೋಗುತ್ತೆ. ಬೇಗ ಹೋಗುತ್ತೆ. ಕೊನೇಲಿ ನೀರೂ ನೀರೂ ಢೀ ಹೊಡೆಯುತ್ತೆ. ವಾಲ್ವ್ ಸೇರಿಸಿಯೇ ಲೆಕ್ಕ ಹಾಕಿದ್ದೀನಿ. ಪೈಪ್ ತಡೆಯೋ ಒತ್ತಡಕ್ಕಿಂತ ಮೇಲೇ ಹೋಗುತ್ತೆ."

ಇಂಗ್ಲಿಷಿನಲ್ಲಿ ಹೇಳಿದ ಆ ಮಾತುಗಳಲ್ಲಿ ಒಂದು ಕಡೆ ಕ್ರಿಯಾಪದ ಎಡವಿತ್ತು, ಇನ್ನೊಂದು ಕಡೆ ಕಾಲ ತಪ್ಪಿತ್ತು. ಅದು ಅವಳಿಗೆ ಕೇಳಿಸಿತು. ಚಪ್ಪಲಿಯೊಳಗೆ ಕಲ್ಲು ಸಿಕ್ಕ ಹಾಗಾಯಿತು. ನಿಂತು ತೆಗೆಯಲು ಹೊತ್ತಿರಲಿಲ್ಲ. ಹಾಗೆಯೇ ನಡೆದಳು.

"ನಾನು ಬಡಾವಣೆಯವರಿಗೆ ಏನು ಹೇಳ್ಲಿ?" ಗಡಿಬಿಡಿಯ ದನಿ ಏರಿತು. "ಮೇಡಂ ಲೆಕ್ಕ ಹಾಕ್ತಿದ್ದಾರೆ, ಬಾಯಾರಿಕೆ ಆದ್ರೆ ಸ್ವಲ್ಪ ತಡ್ಕೊಳ್ಳಿ ಅನ್ಲಾ? ಇಷ್ಟು ದಿನ ಎಲ್ಲಿ ಹೋಗಿದ್ರಿ ನೀವು?"

ಮಾತಿನಲ್ಲಿ ಮುಳ್ಳಿತ್ತು, ಸುಳ್ಳಿರಲಿಲ್ಲ. ಅವಳು ಮೇಲ್‌ ಮಾಡಿದ್ದೆ ಎನ್ನಲು ಹೋಗಿ ಬಿಟ್ಟಳು. "ಮೊದಲೇ ಹೇಳ್ಬೇಕಿತ್ತು. ಈಗ ಹೇಳ್ತಿದ್ದೀನಿ."

ಆಗ ಟಿವಿಯೊಳಗಿನ ಮೀಸೆ ಅಲುಗಿತು. "ನಾನು ಕೇಳುವೆ. ಮೂರು ಪಂಪ್ ಓಡು, ಕರೆಂಟ್ ಸಾಯು, ಪೈಪ್ ಒಡೆ. ಅರ್ಥ. ಒಂದು ಪಂಪ್ ಓಡು?"

ಈ ಪ್ರಶ್ನೆ ಬಾಯಿಪಾಠದಲ್ಲಿ ಇರಲಿಲ್ಲ, ಅತ್ತೆಯ ಅಡ್ಡಮಾತಿನಲ್ಲೂ ಇರಲಿಲ್ಲ. ಅದಕ್ಕೆ ಅವಳ ಬಳಿ ವಾಕ್ಯವಿರಲಿಲ್ಲ. ಉತ್ತರ ಮಾತ್ರ ಇತ್ತು. ಒಂದು ಪಂಪು, ಎರಡು ಪಂಪು, ಮೂರು ಪಂಪು ಎಲ್ಲವನ್ನೂ ಅವಳು ಕೂತು ಲೆಕ್ಕ ಹಾಕಿದ್ದವಳೇ. ಇದುವರೆಗೆ ವಾಕ್ಯವಿಲ್ಲದ ಉತ್ತರವನ್ನು ಅವಳು ಉತ್ತರವೆಂದೇ ತಿಳಿದಿರಲಿಲ್ಲ.

"ಒಂದು ಆದ್ರೆ ತಡೆಯುತ್ತೆ," ಎಂದಳು. "ಓಟ ನಿಧಾನ. ಪೆಟ್ಟು ಚಿಕ್ಕದು. ಎರಡು ಬೇಡ. ಎರಡಕ್ಕೆ ಅಂಚಿಗೆ ಬರುತ್ತೆ."

"ಖಾತ್ರಿನಾ?" ಎಂದರು ಹಿರಿಯರು.

"ಲೆಕ್ಕದ ಮಟ್ಟಿಗೆ ಖಾತ್ರಿ. ಒಮ್ಮೆ ಬೇಕೂಂತಲೇ ಪಂಪ್ ನಿಲ್ಲಿಸಿ ಅಳೆದು ನೋಡೋಣ. ಆಮೇಲೆ ಜನಕ್ಕೆ ಬಿಡೋಣ."

ಹಿರಿಯರು ಗಡಿಬಿಡಿಯ ಕಡೆ ತಿರುಗಿದರು. "ಒಂದು ಪಂಪ್ ನೀರು ಸಾಕೇನ್ರೀ?"

"ಸಾಕಾಗಲ್ಲ ಸಾರ್. ಹೊತ್ತು ಹಂಚಿ ಬಿಡ್ಬೇಕು. ಬೈತಾರೆ."

"ಬೈಸ್ಕೊಳ್ಳೋಣ. ಒಡೆದ ಮೇಲೆ ಬೈಸ್ಕೊಳ್ಳೋದಕ್ಕಿಂತ ಇದು ಅಗ್ಗ." ಪೆನ್ನು ಇನ್ನೂ ಮೇಲೇ ಇತ್ತು. ಅವರು ಅವಳತ್ತ ನೋಡಿದರು. "ಟ್ಯಾಂಕ್ ಬರೋವರೆಗೆ ಒಂದೇ ಪಂಪ್. ಟ್ಯಾಂಕ್ ಇಲ್ದೆ ಮೂರೂ ಓಡಿಸೋ ಹಾಗಿಲ್ಲ. ಸರೀನಾ?"

"ಸರಿ ಸರ್."

ಟಕ್.

ಆಮೇಲೆ ಕಾಂಪೌಂಡಿನ ಮಾತು ಶುರುವಾಯಿತು. ಯಾರೂ ಅವಳ ಬೆನ್ನು ತಟ್ಟಲಿಲ್ಲ, ಯಾರೂ ಆಡಿದ ಮಾತಿನ ತಪ್ಪು ಹಿಡಿಯಲಿಲ್ಲ. ಸಭೆಯ ನಡಾವಳಿಯನ್ನು ಎಂದಿನಂತೆ ತಿದ್ದಲು ಅವಳ ಮೇಜಿಗೇ ಕಳಿಸಿದರು. ತನ್ನ ಮಾತನ್ನು ಬೇರೊಬ್ಬರು ಬರೆದದ್ದನ್ನು ಅವಳು ಓದಿದಳು. ಪೈಪ್ ಒಡೆಯುತ್ತದೆ ಎಂದು ಒರಟಾಗಿ ಬರೆದಿತ್ತು. ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಮಾಡಲು ಬೆರಳು ಹೋಯಿತು. ತಡೆದುಕೊಂಡು ಹಾಗೆಯೇ ಬಿಟ್ಟಳು.

ಮನೆಯಲ್ಲಿ ಅತ್ತೆ, "ಹಿಡಿದ್ಯಾ ಲೈನು?" ಎಂದು ಕೇಳಿದರು.

"ಮೊದಲ ಸಲ ಸಿಗ್ಲಿಲ್ಲ ಅತ್ತೆ. ನೀರಿನ ಬಾಟಲಿ ಸಿಕ್ತು."

"ಮೊದಲ ಸಲ ಯಾರಿಗೆ ಸಿಕ್ಕಿದೆ? ಎಂಗೇಜ್ ಬಂದ್ರೆ ಮತ್ತೆ ತಿರುಗಿಸ್ಬೇಕು," ಎಂದು ಅತ್ತೆ ದೀಪದ ಬತ್ತಿ ಹೊಸೆಯತೊಡಗಿದರು.

ಒಮ್ಮೆ ಪಂಪು ನಿಲ್ಲಿಸಿ ಅಳೆದು ನೋಡಿ, ಒಂದೇ ಪಂಪಿನಲ್ಲಿ ನೀರು ಬಿಟ್ಟರು. ನಲ್ಲಿಗಳಲ್ಲಿ ಸಣ್ಣಗೆ ಬಂತು. ಬಡಾವಣೆಯವರು ಬೈದರು; ಗಡಿಬಿಡಿ ಅದನ್ನು ಬಿಡದೆ ತಂದು ಸಭೆಯಲ್ಲಿ ಒಪ್ಪಿಸಿದ. ಅವಳು ಎಲ್ಲ ಸಭೆಗಳಲ್ಲೂ ಮಾತಾಡಿದಳೆಂದಲ್ಲ. ಕೆಲವು ಸಭೆಗಳಲ್ಲಿ ಮುಗುಳ್ನಕ್ಕು ಕೂತಳು. ಒಂದೆರಡು ಸಲ ಲೈನು ಕೈತಪ್ಪಿತು. ಗಡಿಬಿಡಿ ಅವಳನ್ನು ಈಗ ಅಲ್ಪವಿರಾಮ ಎಂದು ಕರೆಯತೊಡಗಿದ್ದ, ಹೆಸರು ನಿಲ್ಲಲಿಲ್ಲ.

ಕೊನೆಗೆ ಟ್ಯಾಂಕು ಲಾರಿಯ ಮೇಲೆ ಮಲಗಿಕೊಂಡು ಬಂತು. ಕೂರಿಸಿ, ಗಾಳಿ ತುಂಬಿ, ಪರೀಕ್ಷೆಗೆ ದಿನವಿಟ್ಟರು. ಶಾಲೆಗೆ ರಜೆಯಿದ್ದ ದಿನ ನೋಡಿಯೇ ಇಟ್ಟದ್ದು. ಮೂರೂ ಪಂಪು ಓಡಿಸಿ, ಬೇಕೆಂದೇ ಕರೆಂಟು ಕಡಿಯುವುದು. ಪಂಪ್‌ಹೌಸಿನಲ್ಲಿ ಯಂತ್ರಗಳ ಮೊರೆತಕ್ಕೆ ಎದೆಯ ಗೂಡು ನಡುಗುತ್ತಿತ್ತು. ಗಡಿಬಿಡಿಯೂ ಅವಳೂ ಒತ್ತಡ ತೋರಿಸುವ ಮುಳ್ಳಿನ ಮುಂದೆ ನಿಂತರು. ಉಬ್ಬಿನ ಬಳಿ ಇನ್ನೊಬ್ಬರು ಫೋನ್ ಹಿಡಿದು ನಿಂತಿದ್ದರು.

ಹಿರಿಯರು ಕೈ ಇಳಿಸಿದರು. ಮೊರೆತ ಒಮ್ಮೆಲೇ ನಿಂತಿತು.

ಮುಳ್ಳು ಕೆಳಗಿಳಿಯಿತು. ನಿಂತು ಯೋಚಿಸಿದಂತೆ ಮಾಡಿತು. ಮೇಲೇರಿತು, ಕೆಂಪು ಗೆರೆಗಿಂತ ಬಹಳ ಕೆಳಗೇ ತಿರುಗಿ ಮತ್ತೆ ಇಳಿಯಿತು. ತೂಗುತೊಟ್ಟಿಲನ್ನು ಒಮ್ಮೆ ತೂಗಿ ಬಿಟ್ಟಂತೆ ಹೋಗಿ ಬಂದು, ಹೋಗಿ ಬಂದು, ಅಲುಗುವುದು ಕಡಿಮೆಯಾಗುತ್ತಾ ಸುಮ್ಮನಾಯಿತು. ಹೊರಗೆ ಒಂದು ಹಕ್ಕಿ ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು.

ಗಡಿಬಿಡಿಯ ಫೋನು ಗುಯ್‌ಗುಟ್ಟಿತು. ಅವನು ಕೇಳಿಸಿಕೊಂಡು ಕೆಳಗಿಳಿಸಿದ.

"ಉಬ್ಬಿನ ಹತ್ರ ಏನೂ ಆಗ್ಲಿಲ್ವಂತೆ," ಎಂದ. ಅವನ ದನಿಯಲ್ಲಿ ಸಮಾಧಾನವೂ ಇತ್ತು, ಮೋಸಹೋದವನ ಬೇಸರವೂ ಇತ್ತು. "ಒಂದು ಸಣ್ಣ ಸದ್ದೂ ಇಲ್ಲ. ಇಷ್ಟಕ್ಕೆ ಅವತ್ತು ಅಷ್ಟು ಗಲಾಟೆ ಮಾಡಿದ್ರಲ್ಲ ಮೇಡಂ ನೀವು!"

ಹುಟ್ಟಿದಾಗಿನಿಂದ ಆ ದಿನದವರೆಗೆ ಯಾರೂ ಅವಳ ಮೇಲೆ ಗಲಾಟೆಯ ಆರೋಪ ಹೊರಿಸಿರಲಿಲ್ಲ. ಶಾಲೆಯ ಟೀಚರು, ನೆರೆಹೊರೆಯವರು, ಯಾರೂ. ಅವಳು ಆ ಮಾತನ್ನು ಒಳಗೊಯ್ದು ತಿದ್ದಲು ಹೋಗಲಿಲ್ಲ.

"ಹೌದು, ಮಾಡಿದೆ," ಎಂದಳು.